ವೇದಿಕೆಯ ಹೂಗುಚ್ಛ: ಫೋಟೊಗಳನ್ನು ಹೋಲಿಸುವಾಗ ಬಣ್ಣವನ್ನು ಕೊನೆಗೆ ನೋಡಿ

ಆರತಕ್ಷತೆಯ ವೇದಿಕೆಗೆ ಹೂಗುಚ್ಛ ಆರಿಸುವವರು ಬಹುಮಟ್ಟಿಗೆ ಒಂದೇ ಕಡೆ ಎಡವುತ್ತಾರೆ. ಹೂವಿನ ಅಲಂಕಾರದವರು ವಾಟ್ಸಾಪ್‌ನಲ್ಲಿ ಕಳಿಸಿದ ನಾಲ್ಕಾರು ಫೋಟೊಗಳನ್ನು ಸರಸರನೆ ಸರಿಸಿ ನೋಡಿ, ಬಣ್ಣ ಹಿಡಿಸಿದ್ದನ್ನು ಒಪ್ಪಿಬಿಡುತ್ತಾರೆ. ಸಂಜೆ ಛತ್ರದಲ್ಲಿ ಅದೇ ಗುಚ್ಛ ಮಂಕಾಗಿ, ಒಂದು ಕಡೆಗೆ ವಾಲಿದಂತೆ ಕಂಡಾಗ ಅಲಂಕಾರದವರ ಮೇಲೆ ಸಿಟ್ಟಾಗುತ್ತಾರೆ. ಫೋಟೊದಲ್ಲಿ ಅತ್ಯಂತ ಸುಲಭವಾಗಿ ಮೋಸ ಮಾಡುವುದು ಬಣ್ಣವೇ. ಹೂವಿನ ತಾಜಾತನವನ್ನು ಅಷ್ಟು ಸುಲಭವಾಗಿ ಮರೆಮಾಚಲಾಗದು. ಸಮತೋಲನವನ್ನಂತೂ ಅಳತೆ ಮಾಡಿಯೇ ನೋಡಬಹುದು. ಆದ್ದರಿಂದ ಇಲ್ಲಿನ ಕ್ರಮದಲ್ಲಿ ತಾಜಾತನ ಮೊದಲು, ಸಮತೋಲನ ನಂತರ, ಬಣ್ಣ ಕೊನೆಗೆ ಬರುತ್ತದೆ.

ವೇದಿಕೆಯ ಎರಡೂ ಬದಿಗಳಲ್ಲಿ ಸ್ಟ್ಯಾಂಡಿನ ಮೇಲೆ ಇಡುವ ಜೋಡಿ ಗುಚ್ಛಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ಕೈಯಲ್ಲಿ ಹಿಡಿಯುವ ಬೊಕೆಯ ಲೆಕ್ಕ ಬೇರೆ.

## ಬೇಕಾಗುವ ಸಾಮಗ್ರಿ

ಫೋನಿಗಿಂತ ದೊಡ್ಡದಾದ ಒಂದು ಪರದೆ, ಅಂದರೆ ಲ್ಯಾಪ್‌ಟಾಪ್ ಅಥವಾ ಟ್ಯಾಬ್ಲೆಟ್, ಒಂದು ಅಳತೆಪಟ್ಟಿ, ಒಂದು ಹಾಳೆ ಬಿಳಿ ಕಾಗದ ಮತ್ತು ಟಿಪ್ಪಣಿ ಬರೆದುಕೊಳ್ಳಲು ಒಂದು ಪುಸ್ತಕ ಸಾಕು. ವೇದಿಕೆಯ ಹಿಂದಿನ ಪರದೆಯ ಬಟ್ಟೆಯ ಒಂದು ತುಂಡು ಮತ್ತು ವಧುವಿನ ಸೀರೆಯ ಬಣ್ಣದ ರವಿಕೆ ಬಟ್ಟೆಯ ಚೂರು ಸಿಕ್ಕರೆ ಕೊನೆಯ ಹಂತದಲ್ಲಿ ಬಹಳ ಉಪಯೋಗಕ್ಕೆ ಬರುತ್ತವೆ.

ಪರದೆಯಲ್ಲಿ ಕಣ್ಣಿನ ರಕ್ಷಣೆಗೆಂದು ಹಾಕಿರುವ ಹಳದಿ ಛಾಯೆಯನ್ನು ಮೊದಲು ತೆಗೆಯಬೇಕು. ಅನೇಕ ಫೋನುಗಳಲ್ಲಿ ಸಂಜೆಯ ಹೊತ್ತಿಗೆ ಅದು ತಾನಾಗಿಯೇ ಶುರುವಾಗುತ್ತದೆ. ಮನೆಯವರೆಲ್ಲ ಕೂತು ಫೋಟೊ ನೋಡುವುದೂ ಅದೇ ಹೊತ್ತಿಗೆ ಎಂಬುದರಿಂದ, ಬಿಳಿ ಸೇವಂತಿಗೆಯನ್ನು ಕೆನೆ ಬಣ್ಣದ್ದೆಂದು ತಿಳಿದು ವಾದಕ್ಕಿಳಿಯುವ ಸಂದರ್ಭಗಳು ಹುಟ್ಟುತ್ತವೆ.

## ಹಂತ 1: ಹೋಲಿಸಬಹುದಾದ ಫೋಟೊಗಳನ್ನು ತರಿಸಿಕೊಳ್ಳುವುದು

ಒಂದು ಫೋಟೊವನ್ನು ಹಗಲಿನಲ್ಲಿ ಅಂಗಡಿಯ ಹೊರಗೆ, ಇನ್ನೊಂದನ್ನು ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ತೆಗೆದಿದ್ದರೆ ನೀವು ಹೋಲಿಸುತ್ತಿರುವುದು ಹೂಗಳನ್ನಲ್ಲ, ಬೆಳಕನ್ನು. ಆದ್ದರಿಂದ ಬಂದ ಫೋಟೊಗಳನ್ನು ಹಾಗೆಯೇ ಸ್ವೀಕರಿಸದೆ, ಎಲ್ಲರಿಗೂ ಒಂದೇ ಕೋರಿಕೆ ಕಳಿಸಿರಿ: ಬೆಳಗ್ಗೆ ನೆರಳಿನಲ್ಲಿ, ನೇರ ಬಿಸಿಲು ಬೀಳದ ಕಡೆ, ಗುಚ್ಛದಿಂದ ಸುಮಾರು ಎರಡು ಮೀಟರ್ ದೂರ ನಿಂತು, ಕ್ಯಾಮೆರಾವನ್ನು ಗುಚ್ಛದ ನಡುಭಾಗದ ಎತ್ತರಕ್ಕೆ ಹಿಡಿದು ತೆಗೆಯಬೇಕು. ಗುಚ್ಛದ ಪಕ್ಕದಲ್ಲಿ ಬಿಳಿ ಕಾಗದವೊಂದು ಕಾಣಬೇಕು. ಅದರ ಮೇಲೆ ಅಂದಿನ ದಿನಾಂಕ ಬರೆದಿರಬೇಕು.

ದೂರದ ಮಾತಿಗೆ ಕಾರಣವಿದೆ. ಫೋನನ್ನು ಹೂಗಳ ಹತ್ತಿರಕ್ಕೆ ಒಯ್ದು ತೆಗೆದರೆ ಮುಂದಿರುವ ಹೂ ದೊಡ್ಡದಾಗಿಯೂ ಹಿಂದಿರುವುದು ತೀರ ಚಿಕ್ಕದಾಗಿಯೂ ಕಾಣುತ್ತದೆ. ಹೀಗೆ ತೆಗೆದ ಫೋಟೊದಲ್ಲಿ ತೆಳುವಾದ ಗುಚ್ಛವೂ ತುಂಬಿಕೊಂಡಂತೆ ತೋರುತ್ತದೆ. ಪೋರ್ಟ್ರೇಟ್ ಮೋಡ್ ಬೇಡವೆಂದೂ ತಿಳಿಸಬೇಕು, ಏಕೆಂದರೆ ಜಿಪ್ಸಿ ಹೂವಿನಂಥ ನವಿರಾದ ಅಂಚುಗಳನ್ನು ಅದು ಹಿನ್ನೆಲೆಯೆಂದು ತಿಳಿದು ಮಸುಕಾಗಿಸುತ್ತದೆ.

ಮುಂಭಾಗದ ಫೋಟೊದ ಜೊತೆಗೆ ಎರಡೂ ಬದಿಯ ಫೋಟೊಗಳನ್ನು, ಸಾಧ್ಯವಾದರೆ ಸುತ್ತಲೂ ತಿರುಗಿ ತೆಗೆದ ಹತ್ತು ಸೆಕೆಂಡಿನ ವಿಡಿಯೊವನ್ನು ಕೇಳಿರಿ. ಇವನ್ನೆಲ್ಲ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಗುಣಮಟ್ಟ ಉಳಿಯುತ್ತದೆ. ಸಾಮಾನ್ಯ ಫೋಟೊವಾಗಿ ಕಳಿಸಿದರೆ ಕುಗ್ಗಿಸುವಾಗ ದಳದ ಅಂಚಿನ ಕಂದು ಕಲೆಗಳೇ ಮೊದಲು ಅಳಿಸಿಹೋಗುತ್ತವೆ.

ಎಚ್ಚರಿಕೆಯ ಸೂಚನೆ: ಹಿನ್ನೆಲೆ ವಿದೇಶಿ ಹೋಟೆಲಿನಂತಿದ್ದು, ಬದಿಯ ಫೋಟೊ ಕೇಳಿದಾಗ ಅಂಗಡಿಯವರು "ಸೇಮ್ ಮಾಡಿಕೊಡ್ತೀವಿ ಸರ್" ಎಂದಷ್ಟೇ ಉತ್ತರಿಸಿದರೆ, ಆ ಫೋಟೊ ಅವರ ಕೆಲಸದ್ದಲ್ಲ. ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿದರೆ ಮೂಲ ಎಲ್ಲಿಯದೆಂದು ಹೆಚ್ಚಿನ ಸಂದರ್ಭಗಳಲ್ಲಿ ಗೊತ್ತಾಗುತ್ತದೆ. ಅಂಥದ್ದನ್ನು ಕಲ್ಪನೆಗಾಗಿ ಇಟ್ಟುಕೊಳ್ಳಬಹುದು, ಹೋಲಿಕೆಗೆ ಸೇರಿಸಬಾರದು.

## ಹಂತ 2: ತಾಜಾತನ ನೋಡಿ, ಮೊದಲ ಜರಡಿ ಹಿಡಿಯುವುದು

ತಾಜಾತನಕ್ಕೆ ಅಂಕ ಕೊಡುವ ಅಗತ್ಯವಿಲ್ಲ. ಪಾಸು ಅಥವಾ ಫೇಲು, ಅಷ್ಟೇ. ಬಾಡಿದ ಗುಚ್ಛಕ್ಕೆ ಬಣ್ಣ ಚೆನ್ನಾಗಿದೆಯೆಂದು ಅಂಕ ಕೊಡುತ್ತ ಹೋದರೆ ಕೊನೆಗೆ ಅದೇ ಗೆಲ್ಲುವ ಅಪಾಯವಿರುತ್ತದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಮಾದರಿ ಫೋಟೊದಲ್ಲಿರುವ ಹೂಗಳು ಕಾರ್ಯಕ್ರಮದ ದಿನ ಬರುವುದಿಲ್ಲ, ಹೊಸ ಹೂಗಳು ಬರುತ್ತವೆ. ಹಾಗಿರುವಾಗ ಇವುಗಳ ತಾಜಾತನ ನೋಡಿ ಏನು ಪ್ರಯೋಜನ? ಫೋಟೊ ತೋರಿಸುವುದು ಆ ಅಂಗಡಿಯವರ ರೂಢಿಯನ್ನು. ಗಿರಾಕಿಗೆ ತೋರಿಸಲೆಂದೇ ಮಾಡಿದ ಗುಚ್ಛದಲ್ಲಿಯೇ ಹಳೆಯ ಹೂ ಸೇರಿಸಿದವರು, ಮುಹೂರ್ತಗಳು ಒತ್ತೊತ್ತಾಗಿರುವ ದಿನ ಹೆಚ್ಚು ಎಚ್ಚರ ವಹಿಸುತ್ತಾರೆಂದು ನಂಬಲು ಕಾರಣವಿಲ್ಲ.

ಫೋಟೊವನ್ನು ಪೂರ್ತಿ ಹಿಗ್ಗಿಸಿ, ಒಂದು ಮೂಲೆಯಿಂದ ಶುರುಮಾಡಿ ಹೂವಿನಿಂದ ಹೂವಿಗೆ ಸಾಗಿರಿ. ಒಂದೊಂದು ಜಾತಿಯ ಹೂವೂ ತನ್ನ ವಯಸ್ಸನ್ನು ಬೇರೆ ಬೇರೆ ಜಾಗದಲ್ಲಿ ತೋರಿಸುತ್ತದೆ.

ಗುಲಾಬಿ: ಕೆಂಪು ಗುಲಾಬಿ ಹಳತಾದಂತೆ ದಳದ ಅಂಚು ನೀಲಿ ಮಿಶ್ರಿತ ನೇರಳೆಗೆ ತಿರುಗುತ್ತದೆ. ತೊಟ್ಟಿನ ಕೆಳಗೆ ಕುತ್ತಿಗೆ ಬಗ್ಗಿದ್ದರೆ ಹೂವಿಗೆ ನೀರು ಏರುತ್ತಿಲ್ಲವೆಂದು ಅರ್ಥ. ಮೋಸ ನಡೆಯುವುದು ಹೊರದಳಗಳಲ್ಲಿ. ಕಪ್ಪಾದ ಹೊರದಳಗಳನ್ನು ಕಿತ್ತು ಹಾಕಿದ ಹೂ ಹೊಸದರಂತೆ ಕಂಡರೂ ಪಕ್ಕದ ಹೂಗಳಿಗಿಂತ ಸಣ್ಣದಾಗಿರುತ್ತದೆ, ಬುಡದಲ್ಲಿ ತಿಳಿಬಣ್ಣ ಇಣುಕುತ್ತದೆ. ಒಂದೆರಡು ಹೊರದಳ ತೆಗೆಯುವುದು ಎಲ್ಲರ ವಾಡಿಕೆ; ಗುಚ್ಛದ ಗುಲಾಬಿಗಳಲ್ಲಿ ಅರ್ಧದಷ್ಟು ಚಿಕ್ಕದಾಗಿದ್ದರೆ ಮಾತ್ರ ಅನುಮಾನಿಸಬೇಕು.

ಜರ್ಬೆರಾ: ದಳಗಳಿಗಿಂತ ನಡುವಿನ ತಟ್ಟೆಯನ್ನು ನೋಡಿರಿ. ಪರಾಗ ಹೊರಗಿನ ಒಂದೆರಡು ಸುತ್ತಿನಲ್ಲಿ ಮಾತ್ರ ಕಂಡರೆ ಹೂ ಹೊಸದು. ನಡುವಿನವರೆಗೂ ಹಳದಿ ಪುಡಿ ಹರಡಿ ಒರಟಾಗಿದ್ದರೆ ಹಳೆಯದು. ಕಾಂಡಕ್ಕೆ ಹಾಕಿರುವ ಪ್ಲಾಸ್ಟಿಕ್ ಕೊಳವೆಯನ್ನು ಕಂಡು ಗಾಬರಿಯಾಗಬೇಕಿಲ್ಲ, ಮೆದು ಕಾಂಡಕ್ಕೆ ಆಧಾರವಾಗಿ ಅದನ್ನು ಹಾಕುವುದುಂಟು.

ಕಾರ್ನೇಷನ್: ದಳಗಳು ಒಳಮುಖವಾಗಿ ಮುದುಡಿ ಹೂ ನಿದ್ದೆಹೋದಂತೆ ಕಂಡರೆ ಅದು ಮತ್ತೆ ಅರಳುವುದಿಲ್ಲ. ಹಣ್ಣುಗಳು ಮಾಗುವಾಗ ಬಿಡುವ ಎಥಿಲೀನ್ ಅನಿಲ ಇದಕ್ಕೊಂದು ಕಾರಣ. ತಾಂಬೂಲದ ಬಾಳೆಹಣ್ಣಿನ ಗೊನೆಗಳನ್ನೂ ಗುಚ್ಛಗಳನ್ನೂ ಛತ್ರದ ಒಂದೇ ಉಗ್ರಾಣದಲ್ಲಿ ಬೆಳಗ್ಗೆಯಿಂದ ಇಟ್ಟುಬಿಡುವ ನಮ್ಮ ರೂಢಿಯನ್ನು ಈ ಹೂ ಸಹಿಸದು.

ಸುಗಂಧರಾಜ, ಗ್ಲಾಡಿಯೋಲಸ್, ಆರ್ಕಿಡ್: ಇವು ದಂಟಿನ ಬುಡದಿಂದ ತುದಿಯತ್ತ ಅರಳುತ್ತ ಹೋಗುತ್ತವೆ. ಆದ್ದರಿಂದ ತುದಿಯ ಮೊಗ್ಗನ್ನು ನೋಡಿ ತಾಜಾ ಎನ್ನಬಾರದು. ಕೆಳಗಿನ ಹೂವನ್ನು ನೋಡಬೇಕು. ಅದು ಜೋತುಬಿದ್ದು ಗಾಜಿನಂತೆ ಪಾರದರ್ಶಕವಾಗಿದ್ದರೆ, ಅಥವಾ ಕೆಳಭಾಗದಲ್ಲಿ ಹೂ ಕಿತ್ತ ಗುರುತುಗಳು ಸಾಲಾಗಿದ್ದರೆ ದಂಟು ಹಳೆಯದು.

ಲಿಲ್ಲಿ: ಎಲ್ಲ ಹೂಗಳೂ ಅರಳಿ ಒಂದು ಮೊಗ್ಗೂ ಇಲ್ಲದಿದ್ದರೆ ಫೋಟೊಕ್ಕೆ ಸೊಗಸು, ಆದರೆ ಸಂಜೆಯ ಕಾರ್ಯಕ್ರಮಕ್ಕೆ ಉಳಿದಿರುವ ಆಯುಷ್ಯ ಕಡಿಮೆ.

ಸೇವಂತಿಗೆ: ಹೂವಿಗಿಂತ ಮೊದಲು ಎಲೆ ಬಾಡುತ್ತದೆ. ಎಲೆಯನ್ನೆಲ್ಲ ಕಿತ್ತು ಹಾಕಿದ್ದರೆ ಬದಿಯ ಫೋಟೊದಲ್ಲಿ ಕಾಂಡವನ್ನು ನೋಡಿರಿ.

ಹೂಗಳಾದ ಮೇಲೆ ಬುಡದ ಕಡೆಗೆ ಬನ್ನಿರಿ. ಗುಚ್ಛ ಕೂರಿಸುವ ಓಯಸಿಸ್ ಸ್ಪಂಜು ನೀರು ಕುಡಿದಿದ್ದರೆ ಕಡು ಹಸಿರಾಗಿಯೂ ಒಣಗಿದ್ದರೆ ತಿಳಿ ಹಸಿರಾಗಿಯೂ ಇರುತ್ತದೆ. ಎಲೆಗಳ ಸಂದಿಯಲ್ಲಿ ತಿಳಿ ಹಸಿರಿನ ಮೂಲೆ ಕಂಡರೆ, ಆ ಮೂಲೆಗೆ ಚುಚ್ಚಿದ ಹೂಗಳಿಗೆ ನೀರಿಲ್ಲ. ಸ್ಪಂಜನ್ನು ನೀರಿನ ಮೇಲೆ ಬಿಟ್ಟು ತಾನಾಗಿ ಮುಳುಗಲು ಬಿಡದೆ ಕೈಯಿಂದ ಅದುಮಿ ಮುಳುಗಿಸಿದಾಗ ಒಳಗೆ ಗಾಳಿ ಉಳಿದು ಹೀಗಾಗುತ್ತದೆ.

ಇಲ್ಲಿ ಆಗುವ ತಪ್ಪು: ದಳಗಳ ಮೇಲಿನ ನೀರಿನ ಹನಿಗಳನ್ನು ತಾಜಾತನದ ಗುರುತೆಂದು ತಿಳಿಯುವುದು. ಹನಿ ಬರುವುದು ಸ್ಪ್ರೇ ಬಾಟಲಿಯಿಂದ. ಅದಕ್ಕಿಂತ ಮುಖ್ಯವಾಗಿ, ಹನಿಯ ಹೊಳಪು ದಳದ ಕಲೆಗಳನ್ನು ಮುಚ್ಚುವುದರಿಂದ ಹನಿ ತುಂಬಿದ ಫೋಟೊ ಬಂದರೆ ಒರೆಸಿ ಮತ್ತೊಂದು ತೆಗೆಯಲು ಹೇಳಬೇಕು. ಕೆಂಪು ಗುಲಾಬಿಗಳು ದಳದ ಗೆರೆಯೇ ಕಾಣದಂತೆ ಒಂದೇ ಕೆಂಪು ಮುದ್ದೆಯಾಗಿ ಕಂಡರೂ ಅಷ್ಟೆ. ಕ್ಯಾಮೆರಾ ಕೆಂಪನ್ನು ತಾಳಲಾರದೆ ವಿವರ ಕಳೆದುಕೊಂಡಿರುತ್ತದೆ. ಬೆಳಕಿನ ಮಟ್ಟ ಇಳಿಸಿ ಮತ್ತೆ ತೆಗೆಯದ ಹೊರತು ಆ ಹೂಗಳ ಬಗ್ಗೆ ಏನನ್ನೂ ಹೇಳಲಾಗದು.

## ಹಂತ 3: ಬಣ್ಣ ತೆಗೆದು ಸಮತೋಲನ ನೋಡುವುದು

ಜರಡಿಯಲ್ಲಿ ಉಳಿದ ಒಂದೊಂದು ಫೋಟೊದ ನಕಲು ಮಾಡಿಕೊಂಡು, ಗ್ಯಾಲರಿಯ ಎಡಿಟ್ ಭಾಗದಲ್ಲಿ ಅದನ್ನು ಕಪ್ಪು ಬಿಳುಪಾಗಿಸಿರಿ. ಬಣ್ಣದ ಆಕರ್ಷಣೆ ಹೋದ ಕೂಡಲೇ ಗುಚ್ಛದ ಆಕಾರ, ಭಾರ, ನಡುವಿನ ಬರಿದಾದ ಜಾಗಗಳು ಎದ್ದು ಕಾಣುತ್ತವೆ. ಮೂರು ಸಂಗತಿಗಳನ್ನು ಇಲ್ಲಿ ಗಮನಿಸಬೇಕು.

ಮೊದಲನೆಯದು ಭಾರ. ಗಾಢವಾದದ್ದು, ದೊಡ್ಡದು ಮತ್ತು ಒತ್ತಾಗಿರುವುದು ಕಣ್ಣಿಗೆ ಭಾರವೆನಿಸುತ್ತದೆ. ಅದು ಕೆಳಗೂ ನಡುವಿಗೂ ಇದ್ದು, ಮೇಲಕ್ಕೂ ಅಂಚಿಗೂ ಹೋದಂತೆ ಹಗುರವಾಗಬೇಕು. ಗಾಢ ಹೂಗಳು ಮೇಲಿನ ತುದಿಯಲ್ಲಿದ್ದರೆ ಗುಚ್ಛ ಮಗುಚಿಬೀಳುವಂತೆ ಕಾಣುತ್ತದೆ. ಇದು ಒಮ್ಮೆಲೇ ಹೊಳೆಯದಿದ್ದರೆ ಫೋಟೊವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ನೋಡಿರಿ. ನೋಡಿ ನೋಡಿ ಒಗ್ಗಿಹೋದ ಕಣ್ಣಿಗೆ ವಾಲು ಆಗ ಥಟ್ಟನೆ ಕಾಣುತ್ತದೆ. ವಾಲು ಗುಚ್ಛದ್ದೋ, ಕ್ಯಾಮೆರಾ ಓರೆ ಹಿಡಿದದ್ದರಿಂದ ಬಂದದ್ದೋ ಎಂಬುದನ್ನು ಸ್ಟ್ಯಾಂಡಿನ ಕಂಬ ನೆಟ್ಟಗಿದೆಯೇ ಎಂದು ನೋಡಿ ತೀರ್ಮಾನಿಸಬೇಕು.

ಎರಡನೆಯದು ದೂರ. ಫೋಟೊವನ್ನು ಎಲ್ಲರೂ ಹಿಗ್ಗಿಸಿ ನೋಡುತ್ತಾರೆ. ಕುಗ್ಗಿಸಿ ನೋಡುವವರು ವಿರಳ. ಛತ್ರದಲ್ಲಿ ಕೊನೆಯ ಸಾಲಿನ ಅತಿಥಿಗೆ ಗುಚ್ಛ ಎಷ್ಟು ದೊಡ್ಡದಾಗಿ ಕಾಣುತ್ತದೋ ಅಷ್ಟೇ ಗಾತ್ರಕ್ಕೆ ಫೋಟೊವನ್ನು ಇಳಿಸಬೇಕು. ಪರದೆಯಿಂದ 50 ಸೆಂಟಿಮೀಟರ್ ದೂರ ಕೂತಿದ್ದೀರಿ ಎಂದಿಟ್ಟುಕೊಂಡರೆ, ಗುಚ್ಛದ ನಿಜವಾದ ಅಗಲವನ್ನು 50ರಿಂದ ಗುಣಿಸಿ, ವೇದಿಕೆಯಿಂದ ಕೊನೆಯ ಸಾಲಿಗಿರುವ ದೂರದಿಂದ ಭಾಗಿಸಿರಿ. ಎಲ್ಲವೂ ಸೆಂಟಿಮೀಟರಿನಲ್ಲಿರಬೇಕು. 60 ಸೆಂಟಿಮೀಟರ್ ಅಗಲದ ಗುಚ್ಛ, 15 ಮೀಟರ್ ದೂರವೆಂದರೆ ಉತ್ತರ 2 ಸೆಂಟಿಮೀಟರ್. ಪರದೆಯ ಮೇಲೆ ಅಳತೆಪಟ್ಟಿ ಇಟ್ಟು ಗುಚ್ಛದ ಅಗಲ ಅಷ್ಟಾಗುವವರೆಗೆ ಕುಗ್ಗಿಸಿ ನೋಡಿರಿ. ಹೆಬ್ಬೆರಳಿನಷ್ಟು ಅಗಲದಲ್ಲಿಯೂ ಆಕಾರ ಉಳಿಸಿಕೊಂಡ ಗುಚ್ಛವೇ ವೇದಿಕೆಗೆ ತಕ್ಕದ್ದು. ಹತ್ತಿರದಿಂದ ಬಲು ಚೆಂದವಾಗಿದ್ದು ಇಲ್ಲಿ ಬೂದು ಉಂಡೆಯಾಗುವ ಗುಚ್ಛಗಳನ್ನು ಊಟದ ಮೇಜಿಗೆ ಬಿಡಬಹುದು.

ಮೂರನೆಯದು ಬದಿಯ ನೋಟ. ಉಡುಗೊರೆ ಕೊಡಲು ಬರುವವರು ವೇದಿಕೆಯನ್ನು ಬದಿಯ ಮೆಟ್ಟಿಲಿನಿಂದಲೇ ಹತ್ತುತ್ತಾರೆ. ಅಲ್ಲಿಂದ ಸ್ಪಂಜು, ತಂತಿ, ಖಾಲಿ ಬೆನ್ನು ಕಾಣುವಂತಿದ್ದರೆ ಹಿಂಭಾಗಕ್ಕೆ ಎಲೆ ಸೇರಿಸಲು ಹೇಳಬೇಕು. ಒಂದು ಕಡೆಗೆ ಚಾಚಿಕೊಂಡ ವಿನ್ಯಾಸವಾದರೆ ಜೋಡಿಯ ಎರಡನೆಯ ಗುಚ್ಛ ಮೊದಲನೆಯದರ ಕನ್ನಡಿ ಬಿಂಬದಂತಿರಬೇಕೆಂದು ಸ್ಪಷ್ಟವಾಗಿ ತಿಳಿಸಿರಿ. ಹೇಳದಿದ್ದರೆ ಎರಡೂ ಒಂದೇ ದಿಕ್ಕಿಗೆ ಚಾಚಿಕೊಂಡು ಬರುವುದು ತೀರ ಸಾಮಾನ್ಯ.

## ಹಂತ 4: ಬಣ್ಣದ ಹೊಂದಾಣಿಕೆ

ಈಗ ಮೂಲ ಫೋಟೊಗಳಿಗೆ ಮರಳಿರಿ. ಮೊದಲು ನೋಡಬೇಕಾದದ್ದು ಹೂವನ್ನಲ್ಲ, ಪಕ್ಕದ ಬಿಳಿ ಕಾಗದವನ್ನು. ಕಾಗದ ಹಳದಿಯಾಗಿಯೋ ನೀಲಿಯಾಗಿಯೋ ಕಂಡರೆ ಆ ಫೋಟೊದ ಎಲ್ಲ ಬಣ್ಣಗಳೂ ಅಷ್ಟೇ ತಪ್ಪಾಗಿರುತ್ತವೆ. ಎಡಿಟ್ ಭಾಗದಲ್ಲಿ ಬೆಚ್ಚಗಿನ ಮತ್ತು ತಂಪು ಛಾಯೆಯನ್ನು ಬದಲಿಸುವ ಪಟ್ಟಿಯನ್ನು ಕಾಗದ ಬಿಳಿಯಾಗುವವರೆಗೆ ಸರಿಸಿರಿ. ಹೂ ಚೆನ್ನಾಗಿ ಕಾಣುವವರೆಗೆ ಸರಿಸಿದರೆ ಮತ್ತೆ ಮೊದಲಿನ ತಪ್ಪೇ ಆಗುತ್ತದೆ.

ನಂತರ ವೇದಿಕೆಯ ಬೆಳಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಳದಿ ಛಾಯೆಯ ದೀಪದಲ್ಲಿ ನೀಲಿ ಕಡಿಮೆ ಇರುವುದರಿಂದ ನೇರಳೆ ಹೂಗಳು ಮಂಕಾಗುತ್ತವೆ, ಬಿಳಿ ಕೆನೆ ಬಣ್ಣವಾಗುತ್ತದೆ, ತಿಳಿ ಗುಲಾಬಿ ಬಣ್ಣ ಪೀಚ್ ಕಡೆಗೆ ವಾಲುತ್ತದೆ. ಕೆಂಪು, ಕಿತ್ತಳೆ, ಹಳದಿ ಹೂಗಳು ಮಾತ್ರ ಇನ್ನಷ್ಟು ಹೊಳೆಯುತ್ತವೆ. ಬಣ್ಣ ಬದಲಿಸುವ ಎಲ್‌ಇಡಿ ದೀಪಗಳಿದ್ದರೆ ನೀಲಿ ಬೆಳಕು ಬಿದ್ದಾಗ ಕೆಂಪು ಗುಲಾಬಿ ಕಪ್ಪಾಗಿ ಕಾಣುತ್ತದೆ. ಛತ್ರಕ್ಕೆ ಒಮ್ಮೆ ಹೋಗಿ ದೀಪ ಹಾಕಿಸಿ ನೋಡುವ ಶ್ರಮ ಇಲ್ಲಿ ಸಾರ್ಥಕವಾಗುತ್ತದೆ.

ಗುಚ್ಛದೊಳಗೆ ಒಂದು ಬಣ್ಣ ಯಜಮಾನನಾಗಿರಬೇಕು. ಹತ್ತು ಪಾಲಿನಲ್ಲಿ ಆರು ಪಾಲು ಅದು, ಮೂರು ಪಾಲು ಎರಡನೆಯದು, ಒಂದು ಪಾಲು ಮೂರನೆಯದು ಎಂಬ ಅಂದಾಜು ಸಾಕು. ಮೂರೂ ಸಮಸಮವಾಗಿದ್ದರೆ ಕಣ್ಣಿಗೆ ನಿಲ್ಲಲು ಜಾಗ ಸಿಗದು. ಎಲೆಯ ಹಸಿರೂ ಒಂದು ಬಣ್ಣವೆಂಬುದನ್ನು ಈ ಲೆಕ್ಕದಲ್ಲಿ ಅನೇಕರು ಬಿಟ್ಟುಬಿಡುತ್ತಾರೆ. ಅಚ್ಚ ನೀಲಿಯ ಆರ್ಕಿಡ್ ಅಥವಾ ಸೇವಂತಿಗೆ ಕಂಡರೆ ಅದು ಬಣ್ಣ ಕುಡಿಸಿದ್ದು ಅಥವಾ ಸಿಂಪಡಿಸಿದ್ದು ಎಂದೇ ತಿಳಿಯಿರಿ. ರೇಷ್ಮೆ ಸೀರೆಯ ಹತ್ತಿರ ಒದ್ದೆಯಾದ ಅಂಥ ಹೂ ಇರದಿರುವುದೇ ಒಳ್ಳೆಯದು.

ಕೊನೆಗೆ ಪರದೆಯ ಬಟ್ಟೆಯನ್ನೂ ರವಿಕೆಯ ಚೂರನ್ನೂ ಫೋಟೊದ ಎಡಬಲಕ್ಕೆ ಹಿಡಿದು ನೋಡಿರಿ. ಗುಚ್ಛ ಹಿಂದಿನ ಪರದೆಯಿಂದ ಬೇರೆಯಾಗಿ ಕಾಣಬೇಕು, ಆದರೆ ಸೀರೆಗಿಂತ ಮುಂದೆ ಬಂದು ನಿಲ್ಲಬಾರದು.

## ಹಂತ 5: ಎರಡೆರಡನ್ನೇ ಎದುರಿಟ್ಟು ತೀರ್ಮಾನ

ಎಲ್ಲವನ್ನೂ ಒಟ್ಟಿಗೆ ನೋಡಿದರೆ ಕೊನೆಯದಾಗಿ ನೋಡಿದ್ದೇ ಮನಸ್ಸಿನಲ್ಲಿ ಉಳಿಯುತ್ತದೆ. ಎರಡೆರಡು ಫೋಟೊಗಳನ್ನು ಒಂದೇ ಗಾತ್ರಕ್ಕೆ ತಂದು ಅಕ್ಕಪಕ್ಕ ಇಟ್ಟು, ಗೆದ್ದದ್ದನ್ನೂ ಕಾರಣವನ್ನೂ ಬರೆದುಕೊಳ್ಳಿರಿ. ಮೂರು ಫೋಟೊಗಳಿಗೆ ಮೂರೇ ಜೋಡಿ, ಆರಾದರೆ ಹದಿನೈದು. ತಾಜಾತನದ ಜರಡಿಯನ್ನು ಮೊದಲೇ ಹಿಡಿಯುವುದರ ಲಾಭ ಇಲ್ಲಿ ತಿಳಿಯುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಕೆನೆ ಬಣ್ಣದ ಪರದೆ, ಕಡು ಹಸಿರು ರೇಷ್ಮೆ ಸೀರೆ, ಹಳದಿ ಛಾಯೆಯ ದೀಪಗಳು, ಕೊನೆಯ ಸಾಲಿಗೆ 15 ಮೀಟರ್, ಗುಚ್ಛದ ಅಗಲ 60 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ.

ಮೊದಲ ಫೋಟೊದಲ್ಲಿ ಕೆಂಪು ಗುಲಾಬಿ, ಜಿಪ್ಸಿ ಮತ್ತು ಸ್ವಲ್ಪ ನೇರಳೆ ಲಿಮೋನಿಯಂ. ಮನೆಯವರಿಗೆಲ್ಲ ಮೊದಲ ನೋಟಕ್ಕೆ ಹಿಡಿಸುವುದು ಇದೇ. ಹಿಗ್ಗಿಸಿದಾಗ ಕೆಲವು ಗುಲಾಬಿಗಳ ಅಂಚು ನೇರಳೆಗೆ ತಿರುಗಿದ್ದು, ಬಲಭಾಗದ ಹೂಗಳು ಹೊರದಳ ಕಳೆದುಕೊಂಡು ಸಣ್ಣದಾಗಿವೆ. ಇಲ್ಲಿಗೇ ಅದು ಫೇಲು. ಕುತೂಹಲಕ್ಕೆಂದು ಮುಂದುವರಿದರೂ ಫಲವಿಲ್ಲ. ಕಪ್ಪು ಬಿಳುಪಿನಲ್ಲಿ ಗಾಢ ಕೆಂಪು ಮತ್ತು ಗಾಢ ಹಸಿರು ಹೆಚ್ಚುಕಡಿಮೆ ಒಂದೇ ಬೂದು ಬಣ್ಣವಾಗಿ ಹೂವೂ ಎಲೆಯೂ ಬೆರೆತುಹೋಗುತ್ತವೆ. 2 ಸೆಂಟಿಮೀಟರಿಗೆ ಇಳಿಸಿದಾಗ ಜಿಪ್ಸಿ ಕೆನೆ ಪರದೆಯಲ್ಲಿ ಕರಗಿ ಗುಚ್ಛದ ಅಂಚು ಹರಿದಂತಾಗುತ್ತದೆ.

ಎರಡನೆಯದರಲ್ಲಿ ಪೀಚ್ ಬಣ್ಣದ ಜರ್ಬೆರಾ, ಹಳದಿ ಲಿಲ್ಲಿ, ಸುತ್ತ ಪಾಮ್ ಎಲೆ. ಜರ್ಬೆರಾದ ಪರಾಗ ಹೊರಸುತ್ತಿನಲ್ಲೇ ಇದೆ, ಕುತ್ತಿಗೆ ನೆಟ್ಟಗಿದೆ. ಲಿಲ್ಲಿ ಎಲ್ಲವೂ ಅರಳಿದೆ, ಅದು ತಿದ್ದಬಹುದಾದ ಕೊರತೆ. ಆಕಾರ ಕುಗ್ಗಿಸಿದಾಗಲೂ ಉಳಿಯುತ್ತದೆ, ಆದರೆ ಮೇಲಿನ ಹೂಗಳು ತಿಳಿಬಣ್ಣದವಾದ್ದರಿಂದ ಕೆನೆ ಪರದೆಗೆ ಅಂಟಿಕೊಂಡಂತೆ ಕಾಣುತ್ತವೆ.

ಮೂರನೆಯದರಲ್ಲಿ ತಿಳಿ ಗುಲಾಬಿ ಬಣ್ಣದ ಕಾರ್ನೇಷನ್, ನೇರಳೆ ಆರ್ಕಿಡ್, ಬಿಳಿ ಸೇವಂತಿಗೆ. ಮೂರರಲ್ಲಿ ಅತ್ಯಂತ ತಾಜಾ ಇದೇ. ಬಲಕ್ಕೆ ವಾಲಿದಂತೆ ಕಂಡರೂ ಸ್ಟ್ಯಾಂಡ್ ಕೂಡ ಅಷ್ಟೇ ಓರೆಯಾಗಿರುವುದರಿಂದ ತಪ್ಪು ಕ್ಯಾಮೆರಾದ್ದು. ತೊಡಕಿರುವುದು ದೀಪದಲ್ಲಿ. ಹಳದಿ ಬೆಳಕಿನಲ್ಲಿ ಆರ್ಕಿಡ್ ಮಂಕಾಗಿ, ಬಿಳಿ ಹೂ ಪರದೆಯ ಬಣ್ಣಕ್ಕೆ ಇಳಿಯುತ್ತದೆ.

ಉಳಿದ ಎರಡರಲ್ಲಿ ಎರಡನೆಯದನ್ನು ಆರಿಸಿ ಮೂರು ಬದಲಾವಣೆ ಕೇಳುವುದು ಸರಿ: ಪಾಮ್ ಎಲೆ ಹೂಗಳ ಹಿಂದೆ ಹರಡಿ ಪರದೆಯಿಂದ ಬೇರ್ಪಡಿಸಬೇಕು, ಬುಡದಲ್ಲಿ ನಾಲ್ಕೈದು ಕಡು ಕಿತ್ತಳೆ ಜರ್ಬೆರಾ ಸೇರಿ ಭಾರ ಕೆಳಗಿಳಿಯಬೇಕು, ಲಿಲ್ಲಿಯ ಪ್ರತಿ ದಂಟಿನಲ್ಲೂ ಒಂದೆರಡು ಮೊಗ್ಗಿರಬೇಕು. ಛತ್ರದವರು ವೇದಿಕೆಗೆ ಬಿಳಿ ದೀಪ ಹಾಕಲು ಒಪ್ಪಿದರೆ ಮಾತ್ರ ನನ್ನ ಮತ ಮೂರನೆಯದಕ್ಕೆ.

## ಹಂತ 6: ಕಾರ್ಯಕ್ರಮದ ದಿನದ ಫೋಟೊ

ಆರ್ಡರ್ ಕೊಡುವಾಗ ಒಪ್ಪಿದ ಫೋಟೊವನ್ನೂ ಕೇಳಿದ ಬದಲಾವಣೆಗಳನ್ನೂ ಒಂದೇ ಸಂದೇಶದಲ್ಲಿ ಬರೆದು ಕಳಿಸಿರಿ. ಗುಚ್ಛ ಸಿದ್ಧವಾದ ಕೂಡಲೇ, ವಾಹನಕ್ಕೆ ಏರಿಸುವ ಮೊದಲು, ಹಂತ 1ರ ಕ್ರಮದಲ್ಲಿಯೇ ತೆಗೆದ ಫೋಟೊ ಬರಬೇಕೆಂದು ಅದರಲ್ಲಿ ಸೇರಿಸಿರಿ. ಅದನ್ನು ಒಪ್ಪಿದ ಫೋಟೊದ ಪಕ್ಕದಲ್ಲಿಟ್ಟು ನೋಡುವಾಗ ಈ ಸಲ ತಾಜಾತನ ಮತ್ತು ಕೇಳಿದ ಬದಲಾವಣೆಗಳನ್ನು ಮಾತ್ರ ಪರಿಶೀಲಿಸಬೇಕು. ಬಣ್ಣದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಅದಕ್ಕೆ ತಕರಾರು ತೆಗೆದರೆ ಆ ಹೊತ್ತಿನಲ್ಲಿ ಅಂಗಡಿಯವರು ಕೈಗೆ ಸಿಕ್ಕ ಹೂ ಚುಚ್ಚಿ ಸಮತೋಲನವನ್ನೂ ಕೆಡಿಸುತ್ತಾರೆ. ಬಾಡಿದ ಹೂಗಳಿದ್ದರೆ ಫೋಟೊದಲ್ಲಿ ಅವುಗಳ ಸುತ್ತ ಗುರುತು ಹಾಕಿ ಕಳಿಸಿ, ಅಷ್ಟನ್ನು ಮಾತ್ರ ಬದಲಿಸಲು ಹೇಳಿರಿ.